ಫೇರ್ ಬಕೆಟ್: ಒಂದೇ ವಿಮಾನಕ್ಕೆ ಎರಡು ಫೋನಿನಲ್ಲಿ ಎರಡು ದರ ಏಕೆ?

ಬೆಂಗಳೂರಿನಿಂದ ದೆಹಲಿಗೆ ಹೋಗುವ ಒಂದೇ ವಿಮಾನಕ್ಕೆ ಗಂಡನ ಫೋನಿನಲ್ಲಿ ಒಂದು ದರ, ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ದರ ಕಾಣಿಸಿದಾಗ, ಫೋನ್ ಯಾವುದೆಂದು ನೋಡಿಯೇ ಬೆಲೆ ಕಟ್ಟುತ್ತಿದ್ದಾರೆ ಎಂಬ ಅನುಮಾನ ಮೊದಲು ಹುಟ್ಟುತ್ತದೆ. ಅದರ ಬೆನ್ನಿಗೇ, ಕುಕಿಗಳನ್ನು ಅಳಿಸಿ ಹುಡುಕಿದರೆ ದರ ಇಳಿಯುತ್ತದೆ ಎಂಬ ಸಲಹೆಯೂ ಬರುತ್ತದೆ. ಇವೆರಡನ್ನೂ ಪರೀಕ್ಷಿಸಬೇಕಾದರೆ, ವಿಮಾನಯಾನ ಕಂಪನಿಗಳು ‘ಫೇರ್ ಬಕೆಟ್’ ಎಂದು ಕರೆಯುವ ವ್ಯವಸ್ಥೆಯನ್ನು ಮೊದಲು ತಿಳಿದುಕೊಳ್ಳಬೇಕು.

ಎಕಾನಮಿ ವಿಭಾಗದ ಆಸನಗಳು ಕೂರುವವರಿಗೆ ಒಂದೇ ಬಗೆಯವಾದರೂ, ಮಾರುವವರ ಲೆಕ್ಕದಲ್ಲಿ ಅವು ಹಲವು ದರದ ಗುಂಪುಗಳಾಗಿ ಹಂಚಿಹೋಗಿರುತ್ತವೆ. ಆ ಒಂದೊಂದು ಗುಂಪೂ ಒಂದೊಂದು ಬಕೆಟ್. ಸಾಮಾನ್ಯವಾಗಿ ಪ್ರತಿ ಬಕೆಟ್‌ಗೂ ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರದ ಗುರುತಿದ್ದು, ಪೂರ್ಣ ದರದ ಎಕಾನಮಿಗೆ ಬಹುತೇಕ ಕಂಪನಿಗಳು Y ಬಳಸುತ್ತವೆ. ಉಳಿದ ಅಕ್ಷರಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಟ್ರಾವೆಲ್ ಏಜೆಂಟರ ಪರದೆಯಲ್ಲಿ ಇದು ಹೀಗೆ ಕಾಣಿಸುತ್ತದೆ:

```
Y9 M9 Q2 V0
```

ಇಲ್ಲಿ V ಬಕೆಟ್ ಖಾಲಿಯಾಗಿದೆ, Q ಬಕೆಟ್‌ನಲ್ಲಿ ಎರಡು ಟಿಕೆಟ್ ಉಳಿದಿವೆ. ಒಂಬತ್ತಕ್ಕಿಂತ ಹೆಚ್ಚು ಉಳಿದಿದ್ದರೂ ಪರದೆ ಒಂಬತ್ತನ್ನೇ ತೋರಿಸುವುದರಿಂದ, ಉಳಿದೆರಡರಲ್ಲಿ ಕನಿಷ್ಠ ಒಂಬತ್ತು ಇವೆ ಎಂದಷ್ಟೇ ಹೇಳಬಹುದು. ಒಂದು ಮಾತನ್ನು ಇಲ್ಲಿ ಗಮನಿಸಬೇಕು: 17A ಎಂಬ ಆಸನ ಯಾವ ಬಕೆಟ್‌ಗೂ ಸೇರಿದ್ದಲ್ಲ. ಬಕೆಟ್ ಹೇಳುವುದು, ಈ ದರಕ್ಕೆ ಇನ್ನೆಷ್ಟು ಟಿಕೆಟ್ ಮಾರಬಹುದು ಎಂಬುದನ್ನು ಮಾತ್ರ. ವಿಮಾನ ಹೊರಡುವ ದಿನ ಹತ್ತಿರವಾದಂತೆ, ನಿರೀಕ್ಷಿಸಿದ್ದಕ್ಕಿಂತ ಟಿಕೆಟ್ ಬೇಗ ಖರ್ಚಾಗುತ್ತಿದ್ದರೆ ಅಗ್ಗದ ಬಕೆಟ್‌ಗಳನ್ನು ಮುಚ್ಚುತ್ತಾರೆ, ನಿಧಾನವಾದರೆ ಮತ್ತೆ ತೆರೆಯುತ್ತಾರೆ. ಅಮೆರಿಕನ್ ಏರ್‌ಲೈನ್ಸ್ 1985ರಲ್ಲಿ, ಅಗ್ಗದ ದರದ ಪೀಪಲ್ ಎಕ್ಸ್‌ಪ್ರೆಸ್ ಕಂಪನಿಯನ್ನು ಎದುರಿಸಲು, ಕೆಲವೇ ಆಸನಗಳನ್ನು ಅಗ್ಗವಾಗಿ ಮಾರಿ ಉಳಿದವನ್ನು ಕೊನೆಗಳಿಗೆಯಲ್ಲಿ ಬರುವ ವ್ಯಾಪಾರಿ ಪ್ರಯಾಣಿಕರಿಗಾಗಿ ಕಾಯ್ದಿರಿಸುವ ಈ ತಂತ್ರವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. ಆಗ ಗ್ರಾಹಕರ ಮೇಜಿನ ಮೇಲೆ ಬ್ರೌಸರ್ ಎಂಬುದೇ ಇರಲಿಲ್ಲ.

ಈಗ ಆ ಗಂಡ ಹೆಂಡತಿಯ ಪ್ರಕರಣವನ್ನು ಊಹೆಯ ಅಂಕಿಗಳಲ್ಲಿ ಬಿಡಿಸಿ ನೋಡೋಣ. Q ಬಕೆಟ್‌ನ ದರ 4,200 ರೂಪಾಯಿ, ಅದರಲ್ಲಿ ಎರಡೇ ಟಿಕೆಟ್ ಇವೆ. ಅದರ ಮೇಲಿನ M ಬಕೆಟ್‌ನ ದರ 5,100 ರೂಪಾಯಿ ಎಂದಿಟ್ಟುಕೊಳ್ಳಿ. ಗಂಡ ತನ್ನ ಫೋನಿನಲ್ಲಿ ಒಬ್ಬ ಪ್ರಯಾಣಿಕನೆಂದು ಹುಡುಕಿದರೆ 4,200 ಕಾಣಿಸುತ್ತದೆ. ಹೆಂಡತಿ ಮಗುವನ್ನೂ ಸೇರಿಸಿ ಮೂವರಿಗೆಂದು ಹುಡುಕಿದರೆ, ಒಂದೇ ಬುಕಿಂಗ್‌ನಲ್ಲಿ ಮೂವರಿಗೂ ಒಂದೇ ಬಕೆಟ್ ಬೇಕೆಂದು ಕೇಳುವ ವ್ಯವಸ್ಥೆಗಳು Q ಬಕೆಟ್ ಬಿಟ್ಟು M ಬಕೆಟ್‌ಗೆ ಹೋಗುವುದರಿಂದ, ತಲಾ 5,100 ಕಾಣಿಸುತ್ತದೆ. ಮೂವರ ಮೊತ್ತ 15,300. ಇಬ್ಬರಿಗೊಂದು, ಒಬ್ಬರಿಗೊಂದು ಎಂದು ಬೇರೆ ಬೇರೆ ಬುಕ್ ಮಾಡಿದರೆ 13,500. ಈ 1,800 ರೂಪಾಯಿ ವ್ಯತ್ಯಾಸಕ್ಕೂ ಫೋನಿಗೂ ಸಂಬಂಧವಿಲ್ಲ. (ಹೀಗೆ ಒಡೆದು ಬುಕ್ ಮಾಡುವುದರಲ್ಲಿ ಒಂದು ತೊಡಕಿದೆ: ಪಿಎನ್‌ಆರ್ ಎರಡಾಗುವುದರಿಂದ, ವಿಮಾನ ರದ್ದಾದರೆ ಕುಟುಂಬವನ್ನು ಬೇರೆ ಬೇರೆ ವಿಮಾನಕ್ಕೆ ಹಾಕುವ ಸಾಧ್ಯತೆ ಇರುತ್ತದೆ.)

ಇಬ್ಬರೂ ಒಬ್ಬರಿಗೇ ಎಂದು ಹುಡುಕಿದರೂ ದರ ಬೇರೆಯಾಗಬಹುದು. ಹಲವು ಕಂಪನಿಗಳ ಟಿಕೆಟ್ ಮಾರುವ ತಾಣಗಳು ಪ್ರತಿ ಹುಡುಕಾಟಕ್ಕೂ ವಿಮಾನ ಕಂಪನಿಯನ್ನು ಹೊಸದಾಗಿ ಕೇಳುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಇನ್ಯಾರೋ ಹುಡುಕಿದಾಗ ಬಂದ ಉತ್ತರವನ್ನು ತಮ್ಮ ಸರ್ವರ್‌ನಲ್ಲೇ ಇಟ್ಟುಕೊಂಡು ಅದನ್ನೇ ತೋರಿಸುತ್ತವೆ. ಒಬ್ಬರಿಗೆ ಹಳೆಯ ಉತ್ತರ, ಇನ್ನೊಬ್ಬರಿಗೆ ತಾಜಾ ಉತ್ತರ ಸಿಕ್ಕರೆ ದರ ಎರಡಾಗುತ್ತದೆ. ಹಣ ಕಟ್ಟುವ ಹಂತದಲ್ಲಿ ‘ದರ ಬದಲಾಗಿದೆ’ ಎಂಬ ಸೂಚನೆ ಬರುವುದಕ್ಕೆ ಇದೊಂದು ಮುಖ್ಯ ಕಾರಣ. ಈ ಹಳೆಯ ಉತ್ತರ ಇರುವುದು ಅವರ ಸರ್ವರ್‌ನಲ್ಲಿ. ನಿಮ್ಮ ಬ್ರೌಸರ್‌ನ ಕುಕಿ ಅಳಿಸುವುದರಿಂದ ಅದು ಅಳಿಯುವುದಿಲ್ಲ.

ಹಾಗಿದ್ದರೆ, ಕುಕಿ ಅಳಿಸಿದ ಮೇಲೆ ದರ ಇಳಿದದ್ದನ್ನು ಕಣ್ಣಾರೆ ಕಂಡವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಬುಕಿಂಗ್‌ನಲ್ಲಿ ಹೆಸರು, ವಿವರಗಳನ್ನು ತುಂಬುತ್ತ ಮುಂದುವರಿದಾಗ, ಕೆಲವು ವ್ಯವಸ್ಥೆಗಳು ಆ ಟಿಕೆಟ್ಟನ್ನು ನಿಮಗಾಗಿ ಕೆಲವು ನಿಮಿಷ ಹಿಡಿದಿಡುತ್ತವೆ. ಅಗ್ಗದ ಬಕೆಟ್‌ನ ಕೊನೆಯ ಟಿಕೆಟ್ಟನ್ನು ಹೀಗೆ ಹಿಡಿದಿಟ್ಟು, ಹಣ ಕಟ್ಟದೆ ಪುಟ ಮುಚ್ಚಿ, ಇನ್ನೊಂದು ಸಾಧನದಲ್ಲಿ ಹುಡುಕಿದರೆ ಮೇಲಿನ ಬಕೆಟ್‌ನ ದರವೇ ಕಾಣಿಸುತ್ತದೆ. ಅಂದರೆ ದರ ಏರಿಸಿದವರು ಒಂದರ್ಥದಲ್ಲಿ ನೀವೇ. ಗಾಬರಿಯಿಂದ ಕುಕಿ ಅಳಿಸಿ, ಬ್ರೌಸರ್ ಮತ್ತೆ ತೆರೆದು, ಕಾಫಿ ಕುಡಿದು ಬರುವಷ್ಟರಲ್ಲಿ ಗಡುವು ಮುಗಿದು ಟಿಕೆಟ್ ಬಕೆಟ್‌ಗೆ ವಾಪಸಾಗಿ, ದರ ಇಳಿದಿರುತ್ತದೆ. ಕೆಲಸ ಮಾಡಿದ್ದು ಕಳೆದ ಹೊತ್ತು, ಕೀರ್ತಿ ಸಿಕ್ಕಿದ್ದು ಕುಕಿಗೆ.

ಕುಕಿಗೆ ಯಾವ ಪಾತ್ರವೂ ಇಲ್ಲವೆಂದು ಇದರರ್ಥವಲ್ಲ. ನೀವು ಲಾಗಿನ್ ಆಗಿರುವಿರೋ ಇಲ್ಲವೋ, ಯಾವ ದೇಶ ಮತ್ತು ಕರೆನ್ಸಿಯನ್ನು ಆರಿಸಿದ್ದೀರಿ, ಯಾವ ಜಾಹೀರಾತು ಅಥವಾ ಕೂಪನ್ ಮೂಲಕ ಬಂದಿದ್ದೀರಿ ಎಂಬುದನ್ನು ತಾಣಗಳು ಕುಕಿಯಲ್ಲಿ ನೆನಪಿಡುತ್ತವೆ. ಅಂತರರಾಷ್ಟ್ರೀಯ ದರಗಳು ಟಿಕೆಟ್ ಮಾರಾಟವಾಗುವ ದೇಶಕ್ಕೆ ತಕ್ಕಂತೆ ಬದಲಾಗಬಹುದಾದ್ದರಿಂದ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳು ಡಾಲರ್‌ನಲ್ಲಿ ನೋಡುವ ದರವೂ ಮೈಸೂರಿನಲ್ಲಿರುವ ತಂದೆ ರೂಪಾಯಿಯಲ್ಲಿ ನೋಡುವ ದರವೂ ತಾಳೆಯಾಗದಿರುವುದು ಸಹಜ. ಇಂಥ ಕಡೆ ಕುಕಿ ಅಳಿಸಿದರೆ ದರ ಬದಲಾಗಬಹುದು, ಆದರೆ ಅದು ಇಳಿಯಲೇಬೇಕೆಂದಿಲ್ಲ. ಸದಸ್ಯರ ರಿಯಾಯಿತಿ ಕೈತಪ್ಪಿ ಏರಲೂಬಹುದು. ಸಾಧನ ನೋಡಿ ಭೇದ ಮಾಡಿದ ಉದಾಹರಣೆಯೆಂದು ಹೆಚ್ಚಾಗಿ ಹೇಳುವ ಆರ್ಬಿಟ್ಜ್ ಪ್ರಕರಣ 2012ರದು: ಮ್ಯಾಕ್ ಬಳಕೆದಾರರಿಗೆ ಆ ತಾಣ ದುಬಾರಿ ಹೋಟೆಲ್‌ಗಳನ್ನು ಮುಂದಾಗಿ ತೋರಿಸುತ್ತಿತ್ತು. ಆದರೆ ಅಲ್ಲಿ ಬದಲಾಗಿದ್ದು ಪಟ್ಟಿಯ ಕ್ರಮವೇ ಹೊರತು ಒಂದೇ ಕೋಣೆಯ ಬೆಲೆಯಲ್ಲ, ಮೇಲಾಗಿ ಅದು ವಿಮಾನದ ಟಿಕೆಟ್ಟೂ ಅಲ್ಲ.

ನಿಮ್ಮ ಪ್ರಕರಣದಲ್ಲಿ ಏನಾಗುತ್ತಿದೆ ಎಂದು ತಿಳಿಯಲು, ಎರಡೂ ಸಾಧನಗಳಲ್ಲಿ ಒಂದೇ ತಾಣವನ್ನು ಒಂದೇ ನಿಮಿಷದಲ್ಲಿ ತೆರೆದು, ಪ್ರಯಾಣಿಕರ ಸಂಖ್ಯೆ, ಕರೆನ್ಸಿ, ದರದ ಬಗೆ ಎಲ್ಲವನ್ನೂ ಒಂದೇ ಇಟ್ಟು, ಒಂದನ್ನು ಲಾಗಿನ್ ಇಲ್ಲದ ಇನ್‌ಕಾಗ್ನಿಟೊದಲ್ಲಿ ಬಳಸಿ ದರದ ವಿವರ ಕಾಣುವ ಪುಟದವರೆಗೆ ಹೋಗಿ. ಪ್ರಯಾಣಿಕರ ಹೆಸರು ತುಂಬಬೇಡಿ, ಇಲ್ಲವಾದರೆ ಮೇಲೆ ಹೇಳಿದಂತೆ ನಿಮ್ಮ ಟಿಕೆಟ್ಟನ್ನು ನೀವೇ ಹಿಡಿದಿಟ್ಟಂತಾಗುತ್ತದೆ. ಮೂಲ ದರದಲ್ಲೇ ವ್ಯತ್ಯಾಸವಿದ್ದರೆ ಬಕೆಟ್ ಬದಲಾಗಿರಬಹುದು ಅಥವಾ ಒಂದು ಕಡೆ ಹಳೆಯ ಉತ್ತರ ಬಂದಿರಬಹುದು. ಹಳೆಯ ಉತ್ತರವಾಗಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಎರಡೂ ಕಡೆ ಮತ್ತೆ ಹುಡುಕಿದಾಗ ದರ ಸಾಮಾನ್ಯವಾಗಿ ಒಂದಾಗುತ್ತದೆ. ಮೂಲ ದರ ಒಂದೇ ಇದ್ದು ಒಟ್ಟು ಮೊತ್ತ ಮಾತ್ರ ಬೇರೆಯಾಗಿದ್ದರೆ, ಕನ್ವೀನಿಯನ್ಸ್ ಫೀ, ತಾನಾಗಿಯೇ ಟಿಕ್ ಆಗಿರುವ ವಿಮೆ, ಆ್ಯಪ್‌ಗೆ ಮಾತ್ರ ಸೀಮಿತವಾದ ಕೂಪನ್ ಇವುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ.