51 ರೂಪಾಯಿ ಯಾವ ಷೇರಿನ ಮೇಲಿನದು?

ಹುಬ್ಬಳ್ಳಿಯ ನನ್ನ ಕಚೇರಿಗೆ ಹಾವೇರಿಯ ತರುಣರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದರು. ಮನೆತನದ್ದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ, ಇವರಿಗೆ ಷೇರು ಯಾವಾಗ ಕೊಳ್ಳಬೇಕು, ಮಾರಬೇಕು ಎಂದು ಹೇಳುವ ಸಿಗ್ನಲ್ ಬರೆಯುವ ಆಸಕ್ತಿ. ಟಾಟಾ ಸ್ಟೀಲ್ ಚಾರ್ಟ್‌ನಲ್ಲಿ 2022ರ ಜೂನ್ ಮಧ್ಯಕ್ಕೆ ಬೆರಳಿಟ್ಟು, "ಸರ್, ಒಂದ ದಿನಕ್ಕ ಡಬಲ್ ಆಗೇತಿ ನೋಡ್ರಿ. ನನ್ನ ಸಿಗ್ನಲ್ ಇದನ್ನ ಹಿಡಿದೈತಿ" ಅಂದರು. ಅಂದು ಆ ಷೇರು ಡಬಲ್ ಆಗಿರಲಿಲ್ಲ. ಅವರು ಡೇಟಾ ಸರಿಪಡಿಸಲು ಹೋದಾಗಲೇ ಅದು ಕೆಟ್ಟಿತ್ತು.

ಆ ವರ್ಷ ಟಾಟಾ ಸ್ಟೀಲ್‌ನಲ್ಲಿ ಆರು ವಾರದ ಅಂತರದಲ್ಲಿ ಎರಡು ಘಟನೆ ನಡೆದವು. ಜೂನ್ 15ರಂದು ಷೇರಿಗೆ 51 ರೂಪಾಯಿ ಡಿವಿಡೆಂಡ್‌ನ ಎಕ್ಸ್-ಡೇಟ್, ಅಂದರೆ ಅಂದಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲ. ಜುಲೈ 28ರಂದು ಸ್ಪ್ಲಿಟ್‌ನ ಎಕ್ಸ್-ಡೇಟ್. 10 ರೂಪಾಯಿ ಮುಖಬೆಲೆಯ ಒಂದು ಷೇರು 1 ರೂಪಾಯಿಯ ಹತ್ತು ಷೇರುಗಳಾಯಿತು. ಅಂದರೆ 51 ರೂಪಾಯಿ ಸಿಕ್ಕಿದ್ದು ಒಡೆಯುವ ಮುಂಚಿನ, ದೊಡ್ಡ ಷೇರಿನ ಮೇಲೆ.

ಎಕ್ಸ್-ಡೇಟ್‌ನಂದು ಬೆಲೆ ಸುಮಾರು ಡಿವಿಡೆಂಡ್‌ನಷ್ಟೇ ಇಳಿಯುತ್ತದೆ. ಆ ಇಳಿತ ಚಾರ್ಟ್‌ನಲ್ಲಿ ನಷ್ಟದಂತೆ ಕಾಣಬಾರದೆಂದು ಹಳೆಯ ಬೆಲೆಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸುವುದೇ ಡಿವಿಡೆಂಡ್ ಹೊಂದಾಣಿಕೆ. ಅದರ ಲೆಕ್ಕ ಸರಳವಾಗಿದೆ. ಡಿವಿಡೆಂಡನ್ನು ಎಕ್ಸ್-ಡೇಟ್‌ನ ಹಿಂದಿನ ದಿನದ ಕ್ಲೋಸ್‌ನಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಬೇಕು. ಆ ಗುಣಕದಿಂದ ಎಕ್ಸ್-ಡೇಟ್‌ಗೆ ಮುಂಚಿನ ಎಲ್ಲ ಬೆಲೆಗಳನ್ನೂ ಗುಣಿಸಬೇಕು. ಲೆಕ್ಕದ ಅನುಕೂಲಕ್ಕೆ ಹಿಂದಿನ ಕ್ಲೋಸ್ 950 ಎಂದು ಹಿಡಿಯೋಣ:

```
1 - 51/950   = 0.9463
1 - 5.10/95  = 0.9463
1 - 51/95    = 0.4632
```

ಮೊದಲ ಸಾಲಿನಲ್ಲಿ ಬೆಲೆ, ಡಿವಿಡೆಂಡ್ ಎರಡೂ ಹಳೆಯ ಷೇರಿನವು. ಎರಡನೆಯದರಲ್ಲಿ ಎರಡನ್ನೂ ಹತ್ತರಿಂದ ಭಾಗಿಸಿದೆ, ಉತ್ತರ ಅದೇ. ಮೂರನೆಯ ಸಾಲು ನಮ್ಮ ತರುಣರದು. ಅವರ ಬೆಲೆಯ ಫೈಲ್ ಸ್ಪ್ಲಿಟ್‌ಗೆ ಆಗಲೇ ಹೊಂದಿಸಿದ್ದಾಗಿತ್ತು, ಡಿವಿಡೆಂಡ್ ಪಟ್ಟಿ ಮಾತ್ರ ಘೋಷಣೆಯಾದ ಮೂಲ ರೂಪದಲ್ಲೇ ಉಳಿದಿತ್ತು. ಖಾತೆ ವಹಿಯ ಒಂದು ಪುಟದಲ್ಲಿ ಮೆಣಸಿನಕಾಯಿ ದರ ಕ್ವಿಂಟಲ್‌ಗೆ ಬರೆದು, ಎದುರು ಪುಟದಲ್ಲಿ ಕಿಲೋಗೆ ಬರೆದು, ಒಂದರಿಂದ ಒಂದನ್ನು ಕಳೆದಂತೆ. ಹಾಗೆ ಹೇಳಿದ ಕೂಡಲೇ ಅವರಿಗೆ ತಿಳಿಯಿತು.

ಪರಿಣಾಮ ನೋಡಿ. ಪೇಟೆಯಲ್ಲಿ ಬೇರೇನೂ ಏರಿಳಿತವಿಲ್ಲದಿದ್ದರೆ ಎಕ್ಸ್-ಡೇಟ್‌ನ ಬೆಲೆ 899, ಸ್ಪ್ಲಿಟ್‌ಗೆ ಹೊಂದಿಸಿದರೆ 89.90. ಸರಿಯಾದ ಗುಣಕ ಹಾಕಿದಾಗ ಹಿಂದಿನ ದಿನದ 95 ಕೂಡ 89.90 ಆಗುತ್ತದೆ, ಚಾರ್ಟ್ ಸಪಾಟಾಗಿರುತ್ತದೆ. ತಪ್ಪು ಗುಣಕದಿಂದ ಅದು 44ಕ್ಕೆ ಕುಸಿಯುತ್ತದೆ, ಮರುದಿನ 89.90ಕ್ಕೆ ಜಿಗಿದಂತೆ ಕಾಣುತ್ತದೆ. ಬೆಲೆ ಹಿಂದಿನ ಮಟ್ಟ ದಾಟಿ ಮೇಲೇರಿದಾಗ ಕೊಳ್ಳುವ ಯಾವ ನಿಯಮವಾದರೂ ಇಲ್ಲಿ ಕೊಂಡೇ ಕೊಳ್ಳುತ್ತದೆ. ಹೊಂದಾಣಿಕೆ ಮಾಡದೇ ಬಿಟ್ಟರೆ ಬೀಳುವ ಗುಂಡಿ ನಷ್ಟ ತೋರಿಸುತ್ತದೆ, ಹಾಗಾಗಿ ಜನ ಹುಡುಕಿ ತೆಗೆಯುತ್ತಾರೆ. ಈ ಬಗೆಯ ತಪ್ಪು ಲಾಭ ತೋರಿಸುತ್ತದೆ, ಅದನ್ನು ಯಾರೂ ಹುಡುಕುವುದಿಲ್ಲ. ನನಗೆ ಇದರ ಬಗ್ಗೆಯೇ ಹೆಚ್ಚು ಆತಂಕ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಡಿವಿಡೆಂಡನ್ನು ಮುಖಬೆಲೆಯ ಶೇಕಡಾವಾರಿನಲ್ಲೂ ಹೇಳುತ್ತಾರೆ. ಈ 51 ರೂಪಾಯಿ ಅಂದರೆ ಶೇ. 510. ಇದನ್ನು ಇವತ್ತಿನ 1 ರೂಪಾಯಿ ಮುಖಬೆಲೆಗೆ ಹಾಕಿದರೆ 5.10 ಬರುತ್ತದೆ. ಸ್ಪ್ಲಿಟ್‌ಗೆ ಹೊಂದಿಸಿದ ಬೆಲೆಯೊಂದಿಗೆ ಅದು ಸರಿ ಹೊಂದುತ್ತದೆ, ಮೂಲ ಬೆಲೆಯೊಂದಿಗೆ ಹೊಂದುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ಡಿವಿಡೆಂಡ್‌ನ ಪಕ್ಕ ಆ ದಿನದ ಮುಖಬೆಲೆಯನ್ನೂ ಬರೆದಿಡಿ.

ನಾನು ಮಾಡುವುದು ಹೀಗೆ. ಎನ್‌ಎಸ್‌ಇಯ ದಿನದ ಬೆಲೆಪಟ್ಟಿಯಾದ ಭಾವ್‌ಕಾಪಿಯಲ್ಲಿ ಬರುವ ಬೆಲೆ ಹೊಂದಿಸದ ಬೆಲೆ, ಅದನ್ನು ಮುಟ್ಟದೆ ಹಾಗೇ ಇಡುತ್ತೇನೆ. ಸ್ಪ್ಲಿಟ್, ಬೋನಸ್, ಡಿವಿಡೆಂಡ್‌ಗಳಿಗೆ ಬೇರೆ ಪಟ್ಟಿ. ಗುಣಕಗಳನ್ನು ಮೂಲ ಬೆಲೆಯಿಂದಲೇ ತೆಗೆದು ಕೊನೆಗೆ ಒಟ್ಟಿಗೆ ಗುಣಿಸುತ್ತೇನೆ. ಜೂನ್ 15ಕ್ಕೆ ಮುಂಚಿನ ಬೆಲೆಗೆ 0.9463 × 0.1, ಅಂದಿನಿಂದ ಜುಲೈ 27ರವರೆಗೆ ಬರೀ 0.1. ವಾಲ್ಯೂಮ್ ಹತ್ತು ಪಟ್ಟಾಗಬೇಕು, ಆದರೆ ಅದಕ್ಕೆ ಡಿವಿಡೆಂಡ್ ಗುಣಕ ಹಾಕಬಾರದು. ಆದೇಶದ ಪ್ರಮಾಣ, ಕಮಿಷನ್, "100 ರೂಪಾಯಿಗಿಂತ ಕಡಿಮೆ ಬೆಲೆಯ ಷೇರು" ಎಂಬಂಥ ಜರಡಿ, ಇವಕ್ಕೆಲ್ಲ ಆ ದಿನ ಪೇಟೆಯಲ್ಲಿ ನಿಜವಾಗಿ ಇದ್ದ ಬೆಲೆಯೇ ಬೇಕು. 2022ರ ಮೇ ತಿಂಗಳಲ್ಲಿ ಕುಳಿತವನಿಗೆ ಈ ಷೇರು ನೂರರ ಆಸುಪಾಸು ಕಂಡಿರಲೇ ಇಲ್ಲ.

ಪರೀಕ್ಷೆಯೂ ಸುಲಭ. ಹೊಂದಿಸಿದ ಸರಣಿಯಲ್ಲಿ ಪ್ರತಿ ಎಕ್ಸ್-ಡೇಟ್‌ನ ಏರಿಳಿತವನ್ನು ನಿಫ್ಟಿಯ ಏರಿಳಿತದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಶೇ. 10 ದಾಟಿದ ದಿನಗಳನ್ನು ಒಂದೊಂದಾಗಿ ಕಣ್ಣಾರೆ ಪರಿಶೀಲಿಸಿ. ಜೊತೆಗೆ ಡಿವಿಡೆಂಡ್ ಗುಣಕ 0.90ಕ್ಕಿಂತ ಕೆಳಗಿದ್ದರೆ ಪ್ರೋಗ್ರಾಮ್ ಅಲ್ಲೇ ನಿಲ್ಲಲಿ. ಹತ್ತನೇ ಒಂದು ಭಾಗ ಒಮ್ಮೆಗೇ ಹಂಚುವ ಕಂಪನಿಗಳು ಇಲ್ಲವೆಂದಲ್ಲ, ಆದರೆ ಅಪರೂಪ. ಅಂಥ ಕಡೆ ಘೋಷಣೆ ತೆರೆದು ಓದಲು ಐದು ನಿಮಿಷ ಸಾಕು.

ಅಂದು ಸಂಜೆ ಅವರು ನನ್ನ ಎದುರೇ ಡಿವಿಡೆಂಡ್ ಪಟ್ಟಿಯ 51ನ್ನು 5.10 ಮಾಡಿ ಮತ್ತೆ ಓಡಿಸಿದರು. ಜೂನ್ 15ರ ಬೈ ಸಿಗ್ನಲ್ ಮಾಯವಾಯಿತು. "ಉಳಿದ ಷೇರಿನ್ಯಾಗೂ ಹಿಂಗ ಇರಬಹುದಲ್ರಿ?" ಎಂದು ಕೇಳಿ, ಸ್ಪ್ಲಿಟ್ ಆದ ಷೇರುಗಳ ಪಟ್ಟಿ ಮಾಡಲು ಅಲ್ಲೇ ಕುಳಿತರು.