ಕುಣಿತ ಶುರುವಾಗಲು ಇನ್ನೆಷ್ಟು ದೂರ?

ಒಂದು ಮೋಟಾರ್ ಹೇಳಿದ ಕೋನಕ್ಕೆ ತಿರುಗಿ ನಿಲ್ಲಬೇಕು. ಎಲ್ಲಿದೆ ಅಂತ ಸೆನ್ಸರ್ ಹೇಳುತ್ತದೆ, ಕಂಟ್ರೋಲರ್ ವ್ಯತ್ಯಾಸ ನೋಡಿ ತಿದ್ದುತ್ತದೆ. ಈ ತಿದ್ದುವಿಕೆಯ ಬಲವನ್ನು, ಅಂದರೆ ಗೇನನ್ನು, ಜಾಸ್ತಿ ಮಾಡಿದಷ್ಟೂ ಮೋಟಾರ್ ಚುರುಕಾಗುತ್ತದೆ, ಆದರೆ ಒಂದು ಹಂತ ದಾಟಿದರೆ ನಿಲ್ಲದೆ ಅತ್ತಿತ್ತ ಕುಣಿಯುತ್ತದೆ. ಆ ಹಂತ ಎಷ್ಟು ದೂರದಲ್ಲಿದೆ ಎಂದು ಫೀಡ್‌ಬ್ಯಾಕ್ ಜೋಡಿಸುವ ಮೊದಲೇ ಬೋಡೆ ಪ್ಲಾಟ್‌ನಲ್ಲಿ ಓದಬಹುದು. ಫೀಡ್‌ಬ್ಯಾಕ್ ಜೋಡಿಸದ ಲೂಪ್, ಅಂದರೆ ಓಪನ್ ಲೂಪ್, ಹೀಗಿದೆ ಅಂದುಕೊಳ್ಳಿ:

```
L(s) = 10 / (s(s+1)(s+5))
```

ಪ್ಲಾಟ್‌ನಲ್ಲಿ ಎರಡು ಗೆರೆ, ಎರಡಕ್ಕೂ ಅಡ್ಡಕ್ಕೆ ಫ್ರೀಕ್ವೆನ್ಸಿ. ಮೇಲಿನದು ಗೇನ್, ಡೆಸಿಬೆಲ್‌ನಲ್ಲಿ. ಕೆಳಗಿನದು ಫೇಸ್, ಅಂದರೆ ಲೂಪ್ ದಾಟುವಾಗ ಅಲೆ ಎಷ್ಟು ಹಿಂದೆ ಬೀಳುತ್ತದೆ ಎಂಬುದು, ಡಿಗ್ರಿಯಲ್ಲಿ. ಅಪಾಯದ ಗುರುತು ಗೇನ್ 0 ಡೆಸಿಬೆಲ್, ಫೇಸ್ −180 ಡಿಗ್ರಿ. ಯಾಕೆ? ಫೀಡ್‌ಬ್ಯಾಕ್ ಸಿಗ್ನಲ್ಲನ್ನು ಕಳೆಯುತ್ತದೆ. ಲೂಪ್ ತಾನೇ ಇನ್ನೊಂದು 180 ಡಿಗ್ರಿ ತಿರುಗಿಸಿಬಿಟ್ಟರೆ, ಕಳೆಯಬೇಕಾದದ್ದು ಕೂಡುತ್ತದೆ. ಗಾತ್ರವೂ ಕುಗ್ಗದಿದ್ದರೆ ಆ ಅಲೆ ತನ್ನನ್ನು ತಾನೇ ಉಳಿಸಿಕೊಳ್ಳುತ್ತದೆ.

ಮೊದಲು ಫೇಸ್ ಗೆರೆ −180 ಮುಟ್ಟುವ ಜಾಗ ಹುಡುಕಿ. ಇಲ್ಲಿ ಅದು ಸೆಕೆಂಡಿಗೆ 2.24 ರೇಡಿಯನ್. ಅಲ್ಲಿಂದ ನೇರ ಮೇಲೆ ಹೋದರೆ ಗೇನ್ ಸುಮಾರು −9.5 ಡೆಸಿಬೆಲ್. ಅಂದರೆ ಗೇನ್ ಮಾರ್ಜಿನ್ 9.5 ಡೆಸಿಬೆಲ್. ಗೇನ್ ಮೂರು ಪಟ್ಟಾದರೆ, ಅಂದರೆ ಮೇಲಿನ 10 ಇದ್ದದ್ದು 30 ಆದರೆ, ಮೋಟಾರ್ ಕುಣಿಯುತ್ತದೆ.

ಈಗ ಗೇನ್ ಗೆರೆ 0 ಡೆಸಿಬೆಲ್ ದಾಟುವ ಜಾಗ: 1.23. ಅಲ್ಲಿಂದ ಕೆಳಗಿಳಿದರೆ ಫೇಸ್ ಸುಮಾರು −155. ಫೇಸ್ ಮಾರ್ಜಿನ್ 25 ಡಿಗ್ರಿ. ಎರಡು ಮಾರ್ಜಿನ್‌ಗಳನ್ನೂ ಓದುವುದು ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ. ಹೊಸಬರು ಎಡವುವುದು ಇಲ್ಲೇ. ಇನ್ನೊಂದು ಎಚ್ಚರ: ಕೆಲವು ಸಾಫ್ಟ್‌ವೇರ್‌ಗಳು −190 ಡಿಗ್ರಿಯನ್ನು +170 ಎಂದು ತೋರಿಸುತ್ತವೆ. ಗೆರೆ ಥಟ್ಟನೆ 360 ಡಿಗ್ರಿ ಜಿಗಿದರೆ ಅದು ಬರೀ ಚಿತ್ರದ ಜಿಗಿತ.

ಮೂರು ಪಟ್ಟು ಅವಕಾಶ ಇದೆ ಅಂದರೆ ನಿಶ್ಚಿಂತೆ ಅನಿಸುತ್ತದೆ, ಅಲ್ವಾ? ಆದರೆ 25 ಡಿಗ್ರಿ ಕಡಿಮೆಯೇ. ಲೂಪ್ ಮುಚ್ಚಿ ಒಮ್ಮೆಲೇ ಹೊಸ ಕೋನ ಕೊಟ್ಟರೆ, ಮೋಟಾರ್ ಗುರಿಯನ್ನು ಸುಮಾರು ಅರ್ಧದಷ್ಟು ಮೀರಿ ಹೋಗಿ, ಹಲವು ಸಲ ಓಲಾಡಿ ನಿಲ್ಲುತ್ತದೆ. 10ರ ಬದಲು 4 ಇಟ್ಟರೆ ಫೇಸ್ ಮಾರ್ಜಿನ್ 49 ಡಿಗ್ರಿಗೆ ಏರುತ್ತದೆ, ಓಲಾಟ ತಗ್ಗುತ್ತದೆ, ಚುರುಕೂ ತಗ್ಗುತ್ತದೆ. ಸಾಮಾನ್ಯವಾಗಿ ಎಂಜಿನಿಯರ್‌ಗಳು 45ರಿಂದ 60 ಡಿಗ್ರಿ ಇಟ್ಟುಕೊಳ್ಳಲು ನೋಡುತ್ತಾರೆ.

ನನ್ನ ಪ್ರಕಾರ ಹೆಚ್ಚು ಗಮನ ಕೊಡಬೇಕಾದದ್ದು ತಡಕ್ಕೆ. ಸೆನ್ಸರ್ ಅಥವಾ ಕಂಪ್ಯೂಟರ್ 0.2 ಸೆಕೆಂಡ್ ತಡ ಮಾಡಿತು ಅನ್ನಿ. ಗೇನ್ ಗೆರೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಫೇಸ್ ಮಾತ್ರ ಕುಸಿಯುತ್ತದೆ, ಫ್ರೀಕ್ವೆನ್ಸಿ ಏರಿದಷ್ಟೂ ಜಾಸ್ತಿ. 1.23ರಲ್ಲಿ 14 ಡಿಗ್ರಿ ಹೋಗಿ, ಉಳಿಯುವುದು 11. ಫೇಸ್ ಗೆರೆ −180 ಮುಟ್ಟುವ ಜಾಗವೂ 2.24ರಿಂದ 1.5ಕ್ಕೆ ಎಡಕ್ಕೆ ಸರಿಯುತ್ತದೆ. ಅಲ್ಲಿ ಗೇನ್ ಇನ್ನೂ ಎತ್ತರದಲ್ಲಿರುವುದರಿಂದ 9.5 ಇದ್ದ ಗೇನ್ ಮಾರ್ಜಿನ್ 3 ಡೆಸಿಬೆಲ್‌ಗೆ ಇಳಿಯುತ್ತದೆ. ತಡ 0.36 ಸೆಕೆಂಡ್ ಆದರೆ ಎರಡೂ ಸೊನ್ನೆ. ಗೇನ್ ಗುಂಡಿಯನ್ನು ಯಾರೂ ಮುಟ್ಟದಿದ್ದರೂ ಮೋಟಾರ್ ಕುಣಿಯತೊಡಗುತ್ತದೆ.