ಐ ಚಿಂಗ್‌ನಲ್ಲಿ ಗೆರೆಯ ಸ್ಥಾನ: ಪ್ರೀತಿಯ ಪ್ರಶ್ನೆಗೆ ಹೆಬ್ಬೆರಳಿನಿಂದ ನಾಲಿಗೆಯವರೆಗೆ

ಚೀನಾದ ಪ್ರಾಚೀನ ಶಕುನಗ್ರಂಥ ಐ ಚಿಂಗ್‌ನಲ್ಲಿ ಒಂದರ ಮೇಲೊಂದು ಆರು ಗೆರೆಗಳಿರುವ ಆಕೃತಿಯೇ ಹೆಕ್ಸಾಗ್ರಾಮ್. ಇಡೀ ಗೆರೆ ಯಾಂಗ್, ನಡುವೆ ತುಂಡಾದದ್ದು ಯಿನ್. ಎಣಿಕೆ ಕೆಳಗಿನಿಂದ ಮೇಲಕ್ಕೆ. ಪ್ರತಿ ಗೆರೆಗೂ ಮೂರು ನಾಣ್ಯ ಚಿಮ್ಮಿ, ಒಂದು ಮುಖಕ್ಕೆ 3, ಇನ್ನೊಂದಕ್ಕೆ 2 ಎಂದು ಕೂಡಿದಾಗ ಮೊತ್ತ 6 ಅಥವಾ 9 ಬಂದರೆ ಅದು ಬದಲಾಗುವ ಗೆರೆ: ಯಿನ್ ಇದ್ದದ್ದು ಯಾಂಗ್ ಆಗಿ, ಯಾಂಗ್ ಇದ್ದದ್ದು ಯಿನ್ ಆಗಿ ಇನ್ನೊಂದು ಹೆಕ್ಸಾಗ್ರಾಮ್ ಸಿಗುತ್ತದೆ. ಸಾಮಾನ್ಯವಾಗಿ ಓದುವುದು ಆ ಗೆರೆಯ ಮಾತನ್ನು ಮಾತ್ರ. ಆರನ್ನೂ ಓದಿ ಹಿಡಿಸಿದ್ದನ್ನು ಆರಿಸಿಕೊಳ್ಳುವವರೂ ಇದ್ದಾರೆ, ಅದಿರಲಿ.

ಪ್ರೀತಿಯ ಪ್ರಶ್ನೆಗೆ 31ನೆಯ ಹೆಕ್ಸಾಗ್ರಾಮ್ ‘ಶ್ಯೆನ್’ಗಿಂತ ಒಳ್ಳೆಯ ಉದಾಹರಣೆ ಸಿಗದು. ಕೆಳಗೆ ಬೆಟ್ಟ, ಮೇಲೆ ಸರೋವರ. ವಿಷಯ ಪರಸ್ಪರ ಸೆಳೆತ. ಇಲ್ಲಿ ಗೆರೆಗಳು ಮೈಮೇಲೇ ಹತ್ತುತ್ತವೆ. ಒಂದನೆಯದು ಕಾಲಿನ ಹೆಬ್ಬೆರಳು: ಆಸೆ ಮೂಡಿದೆ, ಎದುರಿನವರಿಗೆ ಇನ್ನೂ ಕಂಡಿಲ್ಲ. ಅದಕ್ಕೇ ಇದಕ್ಕೆ ಶುಭ ಅಶುಭ ಯಾವುದನ್ನೂ ಹೇಳಿಲ್ಲ. ಎರಡನೆಯದು ಮೀನಖಂಡ, ಮೂರನೆಯದು ಇನ್ನೊಬ್ಬರ ಹಿಂದೆ ಓಡುವ ತೊಡೆ. ಹಾಗೆ ಹೋದರೆ ಮುಖಭಂಗ. ನಾಲ್ಕನೆಯದರಲ್ಲಿ ಅಂಗದ ಹೆಸರಿಲ್ಲ, ವ್ಯಾಖ್ಯಾನಕಾರರು ಅಲ್ಲಿ ಹೃದಯವನ್ನು ಕಾಣುತ್ತಾರೆ. ಮನಸ್ಸು ಅತ್ತಿತ್ತ ತುಯ್ಯುವ ಜಾಗ ಅದು. ಐದನೆಯದು ಬೆನ್ನಿನ ಮೇಲ್ಭಾಗ: ಪಶ್ಚಾತ್ತಾಪವಿಲ್ಲ, ಆದರೆ ರೋಮಾಂಚನವೂ ಇಲ್ಲ.

ಆರನೆಯದು ದವಡೆ, ಕೆನ್ನೆ, ನಾಲಿಗೆ. ತುದಿಯ ಗೆರೆ ಎಂದರೆ ಗೆಲುವಿನ ಶಿಖರ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅದು ಸಂದರ್ಭ ತನ್ನ ಮಿತಿ ದಾಟುವ ಜಾಗ. ಮೊದಲ ಹೆಕ್ಸಾಗ್ರಾಮ್‌ನ ತುದಿಯಲ್ಲೂ ಅತಿ ಎತ್ತರಕ್ಕೇರಿದ ಡ್ರ್ಯಾಗನ್ ಪಶ್ಚಾತ್ತಾಪ ಪಡುತ್ತದೆ. ಶ್ಯೆನ್‌ನಲ್ಲಿ ಆ ಅತಿಯೇ ಬಾಯಿಮಾತು: ಪುಟಗಟ್ಟಲೆ ಮೆಸೇಜು, ಆಣೆ ಪ್ರಮಾಣ, ಹಿಂದೆ ಏನೂ ಇಲ್ಲ.

ಒಂದು ಉದಾಹರಣೆ ನೋಡೋಣ. ‘ಆಫೀಸಿನ ಗೆಳತಿಗೆ ಈಗಲೇ ಮನಸ್ಸಿನ ಮಾತು ಹೇಳಲೇ?’ ಎಂದು ಒಬ್ಬ ಕೇಳಿದ. ಶ್ಯೆನ್ ಬಂತು, ಎರಡನೆಯ ಗೆರೆ ಬದಲಾಗುವಂಥದ್ದು. ‘ಮೀನಖಂಡದಲ್ಲಿ ಸೆಳೆತ, ಕೇಡು, ನಿಂತರೆ ಶುಭ’ ಎನ್ನುತ್ತದೆ ಪಠ್ಯ. ‘ಕೇಡು’ ಎಂದ ಕೂಡಲೇ ಎದೆಗುಂದಬೇಕಿಲ್ಲ. ಎರಡನೆಯ ಸ್ಥಾನ ಕೆಳಗಿನ ಮೂರು ಗೆರೆಗಳ ನಡು. ಸಮ ಸ್ಥಾನದಲ್ಲಿ ಯಿನ್ ಇರುವುದು ಸರಿಯೇ. ಅದಕ್ಕೆ ಜೋಡಿಯಾದ ಐದನೆಯದು ಯಾಂಗ್ ಆದ್ದರಿಂದ ಮೇಲಿನಿಂದ ಸ್ಪಂದನೆಯೂ ಇದೆ. ಸ್ಥಾನ ಚೆನ್ನಾಗಿದೆ, ಅವಸರ ಮಾತ್ರ ಕೆಟ್ಟದ್ದು. ಮೀನಖಂಡ ತಾನಾಗಿ ಹೆಜ್ಜೆಯಿಡಲಾರದು, ಪಾದ ಎಳೆದತ್ತ ಹೋಗುತ್ತದೆ. ಈ ಗೆರೆ ಯಾಂಗ್‌ಗೆ ತಿರುಗಿದರೆ ಸಿಗುವುದು 28ನೆಯದು, ಭಾರಕ್ಕೆ ಬಾಗಿದ ತೊಲೆಯ ಹೆಕ್ಸಾಗ್ರಾಮ್: ಎಳೆಯ ಸ್ನೇಹದ ಮೇಲೆ ಹೊರಲಾರದ ಹೊರೆ. ಹಾಗಾಗಿ ಉತ್ತರ ‘ಬೇಡ’ ಅಲ್ಲ, ‘ಅವಳೂ ಒಂದು ಹೆಜ್ಜೆ ಇಡುವವರೆಗೆ ತಡೆ’. ಅವಳ ಮನಸ್ಸಿನಲ್ಲೇನಿದೆ ಎಂಬುದನ್ನು ಗೆರೆ ಹೇಳುವುದಿಲ್ಲ. ಅದು ಹೇಳುವುದು ಕೇಳಿದವನು ಎಲ್ಲಿ ನಿಂತಿದ್ದಾನೆ ಎಂಬುದನ್ನಷ್ಟೇ.

ಇದೇ ಪ್ರಶ್ನೆಗೆ ತುದಿಯ ಗೆರೆ ಬದಲಾಗಿದ್ದರೆ 33ನೆಯದು, ಹಿಂದೆ ಸರಿಯುವುದರ ಹೆಕ್ಸಾಗ್ರಾಮ್, ಬರುತ್ತಿತ್ತು. ಆಗ ಅವನಿಗೆ ಕೇಳಬೇಕಾದ್ದೇ ಬೇರೆ: ಆಗಲೇ ಎಷ್ಟು ಮಾತಾಡಿದ್ದೀಯ?